ಅಡಿಕೆ ಸುಲಿಯುವ ದಿನಗಳಲ್ಲಿ ಕಂಡ ರಕ್ತ

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಕೊಯ್ಲು ಶುರುವಾಯಿತೆಂದರೆ ಯಾರಿಗೂ ಹೊತ್ತುಗೊತ್ತು ಇರುವುದಿಲ್ಲ. ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತೇವೆ. ಕಳೆದ ಸಲ ಆಳುಗಳು ಕಡಿಮೆ ಇದ್ದರು. ಬೆಳಿಗ್ಗೆ ತಿಂಡಿ ಆದಮೇಲೆ ಕಕ್ಕಸಿಗೆ ಹೋಗಬೇಕೆನ್ನಿಸಿದರೂ "ಈ ಬುಟ್ಟಿ ಮುಗೀಲಿ" ಎಂದು ತಡೆದುಕೊಳ್ಳುತ್ತಿದ್ದೆ. ನೀರು ಕುಡಿದರೆ ಪದೇಪದೇ ಏಳಬೇಕಲ್ಲ ಎಂದು ಅದನ್ನೂ ಬಿಟ್ಟಿದ್ದೆ. ಬಾಯಾರಿದರೆ ಕಾಫಿ, ಊಟಕ್ಕೆ ಅನ್ನ ಸಾರು ಉಪ್ಪಿನಕಾಯಿ. ಎರಡು ಮೂರು ದಿನಕ್ಕೊಮ್ಮೆ ಹೋಗುವುದು, ಹೋದರೆ ಅರ್ಧ ಗಂಟೆ ಮುಕ್ಕುವುದು. ಇದೇ ನಡೆದಿತ್ತು.

ಡಿಸೆಂಬರ್‌ನ ಒಂದು ಬೆಳಿಗ್ಗೆ ಎದ್ದು ನೋಡಿದರೆ ಕಕ್ಕಸಿನ ಬೇಸಿನ್‌ನಲ್ಲಿ ಕೆಂಪು ರಕ್ತ. ಹನಿ ಹನಿಯಾಗಿ ಬಿದ್ದಿತ್ತು. ನೋವು ಮಾತ್ರ ಸ್ವಲ್ಪವೂ ಇರಲಿಲ್ಲ. ಉಷ್ಣ ಆಗಿರಬೇಕು ಎಂದು ಒಂದೆಲಗದ ತಂಬುಳಿ ಮಾಡಿ ಕುಡಿದೆ. ಯಾರಿಗೂ ಹೇಳಲಿಲ್ಲ. ಮೂರು ವಾರ ಕಳೆದಮೇಲೆ, ಮುಕ್ಕಿದಾಗ ಮೆತ್ತಗಿನ ಒಂದು ಗಂಟು ಹೊರಗೆ ಬಂದು, ಎದ್ದಮೇಲೆ ತಾನಾಗಿಯೇ ಒಳಗೆ ಹೋಗತೊಡಗಿತು. ಆಗ ಭಯವಾಯಿತು. ಗಂಡನಿಗೆ ಹೇಳಿದೆ. ಮರುದಿನ ಇಬ್ಬರೂ ಶಿವಮೊಗ್ಗದ ಬಸ್ಸು ಹತ್ತಿದೆವು.

ಡಾಕ್ಟರ್ ಒಬ್ಬರು ಹೆಂಗಸು. ಅದೇ ನನಗೆ ಅರ್ಧ ಧೈರ್ಯ. ಎಡಗಡೆಗೆ ಮಲಗಿಸಿ ಮೊದಲು ಕೈಗವಸು ಹಾಕಿದ ಬೆರಳಿನಿಂದ, ಆಮೇಲೆ ಸಣ್ಣ ಕೊಳವೆ ಹಾಕಿ ನೋಡಿದರು. ಎರಡೇ ನಿಮಿಷ. ಇಷ್ಟಕ್ಕೇನಾ ಮೂರು ವಾರ ಹೆದರಿಕೊಂಡು ಕೂತಿದ್ದು ಅನ್ನಿಸಿತು.

"ಪೈಲ್ಸ್ ಹೊರಗಿನಿಂದ ಬಂದು ಬೆಳೆಯೋದಲ್ಲಮ್ಮ. ಗುದದ ಒಳಗೆ ರಕ್ತನಾಳಗಳ ಮೆತ್ತೆ ಎಲ್ಲರಿಗೂ ಇರುತ್ತೆ. ನೀವು ಮುಕ್ಕಿ ಮುಕ್ಕಿ ಅದು ಊದಿ ಕೆಳಗೆ ಜಾರಿದೆ. ಗಟ್ಟಿ ಮಲ ಉಜ್ಜಿಕೊಂಡು ಹೋದಾಗ ರಕ್ತ ಬರುತ್ತೆ" ಎಂದರು. ಒಳಗೇ ಇದ್ದು ರಕ್ತ ಮಾತ್ರ ಬಂದರೆ ಒಂದನೇ ಹಂತ. ಹೊರಗೆ ಬಂದು ತಾನೇ ಒಳಗೆ ಹೋದರೆ ಎರಡು. ಬೆರಳಿನಿಂದ ತಳ್ಳಬೇಕಾದರೆ ಮೂರು. ತಳ್ಳಿದರೂ ಹೋಗದಿದ್ದರೆ ನಾಲ್ಕು. ನನ್ನದು ಎರಡನೇದು. ಹೋಗುವಾಗ ಕತ್ತರಿಸಿದ ಹಾಗೆ ನೋವಿದ್ದರೆ ಅದು ಹೆಚ್ಚಾಗಿ ಪೈಲ್ಸ್ ಅಲ್ಲ, ಗುದದ ಅಂಚಿನಲ್ಲಿ ಬಿಟ್ಟ ಬಿರುಕು ಎಂದೂ ಹೇಳಿದರು. ನನಗೆ ಅದಿರಲಿಲ್ಲ.

ಕೊಯ್ದುಬಿಡುತ್ತಾರೆ ಅಂದುಕೊಂಡೇ ಹೋಗಿದ್ದೆ. ಅವರು ಬರೆದುಕೊಟ್ಟಿದ್ದು ಇಸಬ್‌ಗೋಲ್. ಆರು ವಾರ ಆಹಾರ, ನೀರು, ಅಭ್ಯಾಸ ಸರಿಮಾಡಿ ಬನ್ನಿ, ಆಮೇಲೆ ಮಿಕ್ಕ ಮಾತು ಎಂದರು.

ಮೊದಲ ವಾರವೇ ಎಡವಿದೆ. ಜಾಸ್ತಿ ತಗೊಂಡರೆ ಬೇಗ ವಾಸಿ ಎಂದು ದಿನಕ್ಕೆ ಮೂರು ದೊಡ್ಡ ಚಮಚ ಇಸಬ್‌ಗೋಲ್ ತಗೊಂಡೆ, ನೀರು ಅರ್ಧ ಲೋಟ ಮಾತ್ರ. ಹೊಟ್ಟೆ ಡೊಳ್ಳಿನಂತೆ ಉಬ್ಬಿತು, ಮಲ ಮೊದಲಿಗಿಂತ ಗಟ್ಟಿಯಾಯಿತು. ಫೋನ್ ಮಾಡಿದಾಗ ಡಾಕ್ಟರ್ ತಪ್ಪು ತಿಳಿಸಿದರು. ಅದು ನೀರು ಹೀರಿ ಉಬ್ಬಿದರೇ ಮಲ ಮೆತ್ತಗಾಗುವುದು. ನೀರಿಲ್ಲದಿದ್ದರೆ ಮುದ್ದೆಯಾಗಿ ಅಲ್ಲೇ ಕೂರುತ್ತದೆ. ಆಮೇಲೆ ರಾತ್ರಿ ಒಂದೇ ಟೀ ಚಮಚದಿಂದ ಶುರುಮಾಡಿದೆ. ದೊಡ್ಡ ಲೋಟ ನೀರಿಗೆ ಹಾಕಿ ತಕ್ಷಣ ಕುಡಿದು, ಮೇಲೆ ಇನ್ನೊಂದು ಲೋಟ ನೀರು. ವಾರದ ನಂತರ ಎರಡು ಚಮಚ. ಉಬ್ಬರ ನಿಂತಿತು.

ಊಟದ ಲೆಕ್ಕವನ್ನೂ ಆಗಲೇ ಮೊದಲ ಸಲ ಹಾಕಿದ್ದು. ದೊಡ್ಡವರಿಗೆ ದಿನಕ್ಕೆ ಸುಮಾರು 25ರಿಂದ 30 ಗ್ರಾಂ ನಾರು ಬೇಕಂತೆ. ಬಿಳಿ ಅನ್ನದಲ್ಲಿ ಅದು ಇಲ್ಲ ಅನ್ನುವಷ್ಟು ಕಡಿಮೆ. ನಾನು ನಂಬಿದ್ದ ತಂಬುಳಿಯಲ್ಲಿ ಒಂದು ಹಿಡಿ ಎಲೆ, ಮಿಕ್ಕಿದ್ದೆಲ್ಲ ಮಜ್ಜಿಗೆ. ರುಚಿಗೆ ಚೆನ್ನ, ಆದರೆ ಮಲ ಮೆತ್ತಗಾಗುವುದಕ್ಕೆ ಅಷ್ಟು ಎಲೆ ಸಾಲದು. ಅದೇ 100 ಗ್ರಾಂ ಪೇರಲೆಹಣ್ಣಿನಲ್ಲಿ ಸುಮಾರು 5 ಗ್ರಾಂ ನಾರಿದೆ. ನಮ್ಮ ಹಿತ್ತಲಿನ ಪೇರಲೆ ಹಕ್ಕಿಗಳ ಪಾಲಾಗುತ್ತಿತ್ತು! ಬೆಳಿಗ್ಗೆ ಒಂದು ಹಣ್ಣು, ಮಧ್ಯಾಹ್ನ ಹರಿವೆ ಅಥವಾ ಬಾಳೆದಿಂಡಿನ ಪಲ್ಯ ತಟ್ಟೆಯ ಕಾಲು ಭಾಗ ತುಂಬುವಷ್ಟು, ರಾತ್ರಿ ಹೆಸರುಕಾಳು ಅಥವಾ ಹುರುಳಿ. ಮೆಟ್ಟುಗತ್ತಿ ಪಕ್ಕದಲ್ಲಿ ನೀರಿನ ಚೊಂಬು.

ಕಕ್ಕಸಿನ ಅಭ್ಯಾಸ ಬದಲಿಸಿದ್ದು ಇದಕ್ಕಿಂತ ಕಷ್ಟ. ತಿಂಡಿ ಕಾಫಿ ಹೊಟ್ಟೆಗೆ ಬಿದ್ದಮೇಲೆ ಕರುಳು ತಾನೇ ಚಲಿಸುತ್ತದೆ, ಆ ಕರೆಯನ್ನು ತಪ್ಪಿಸಬೇಡಿ ಎಂದಿದ್ದರು. ತಡೆದಷ್ಟೂ ಕರುಳು ನೀರು ಹೀರಿಕೊಂಡು ಮಲ ಒಣಗುತ್ತದೆ. ಐದು ನಿಮಿಷದೊಳಗೆ ಆಗದಿದ್ದರೆ ಎದ್ದು ಬರಬೇಕು, ಮತ್ತೆ ಕರೆದಾಗ ಹೋಗಬೇಕು. ಮೊಬೈಲ್ ಒಳಗೆ ಒಯ್ಯುವ ಹಾಗಿಲ್ಲ. ಮೊದಲೆಲ್ಲ ಪೂರ್ತಿ ಆಗಲಿಲ್ಲ ಅನ್ನಿಸಿ ಮುಕ್ಕುತ್ತಿದ್ದೆ. ಊದಿದ ಮೆತ್ತೆಯೇ ಹಾಗೆ ಅನ್ನಿಸುತ್ತದೆ ಎಂದು ಗೊತ್ತಾದಮೇಲೆ ಏಳುವುದು ಸುಲಭವಾಯಿತು.

ಬಿಸಿನೀರಿಗೆ ನಮ್ಮ ಬಚ್ಚಲಿನಲ್ಲಿ ಕೊರತೆ ಇಲ್ಲ. ಹಂಡೆ ಒಲೆ ದಿನವೂ ಉರಿಯುತ್ತದೆ. ತೀರ್ಥಹಳ್ಳಿಯ ಸಂತೆಯಿಂದ ಅಗಲದ ಪ್ಲಾಸ್ಟಿಕ್ ಟಬ್ ತಂದೆ. ಮೊಣಕೈ ಅದ್ದಿದರೆ ಹಿತವೆನ್ನಿಸುವಷ್ಟು ಬಿಸಿ ಸಾಕು, ಸುಡಬಾರದು. ಸೊಂಟದ ಕೆಳಗಿನ ಭಾಗ ಮುಳುಗುವ ಹಾಗೆ ಹತ್ತು ಹದಿನೈದು ನಿಮಿಷ ಅದರಲ್ಲಿ ಕೂರುವುದು, ಮಲಕ್ಕೆ ಹೋಗಿಬಂದಮೇಲೆ ಒಮ್ಮೆ, ಮಲಗುವ ಮುಂಚೆ ಒಮ್ಮೆ. ಉಪ್ಪು, ಡೆಟಾಲ್ ಏನೂ ಬೇಡ. ಡೆಟಾಲ್ ಹಾಕಿದರೆ ಚರ್ಮ ಉರಿಯುತ್ತದೆ. ಆಮೇಲೆ ಹತ್ತಿಬಟ್ಟೆಯಿಂದ ಒತ್ತಿ ಒರೆಸಿಕೊಳ್ಳಬೇಕು, ಉಜ್ಜಬಾರದು. ಬಿಸಿನೀರಿಗೆ ಗಂಟು ಕರಗುವುದಿಲ್ಲ. ಬಿಗಿದ ಸ್ನಾಯು ಸಡಿಲವಾಗಿ ತುರಿಕೆ, ಭಾರ ಕಡಿಮೆಯಾಗುತ್ತದೆ, ಅಷ್ಟೇ. ಆ ಅಷ್ಟು ನನಗೆ ರಾತ್ರಿ ನಿದ್ದೆ ಕೊಟ್ಟಿತು.

ಆರು ವಾರಕ್ಕೆ ಮಲ ಮೆತ್ತಗಾಗಿತ್ತು. ರಕ್ತ ಕಡಿಮೆಯಾಗಿತ್ತು, ನಿಂತಿರಲಿಲ್ಲ. ವಾರಕ್ಕೆರಡು ಸಲ ಕಾಣುತ್ತಿತ್ತು. ಆಗ ಡಾಕ್ಟರ್ ರಬ್ಬರ್ ಬ್ಯಾಂಡ್ ಹಾಕುವ ಮಾತು ತೆಗೆದರು. ಗಂಟಿನ ಬುಡಕ್ಕೆ ಪುಟ್ಟ ರಬ್ಬರ್ ಉಂಗುರ ಬಿಗಿದರೆ ರಕ್ತ ಹರಿಯುವುದು ನಿಂತು, ಐದರಿಂದ ಹತ್ತು ದಿನದಲ್ಲಿ ಅದು ಒಣಗಿ ಬಿದ್ದುಹೋಗುತ್ತದೆ. ಗುದದ ಒಳಗೆ ಒಂದು ಗೆರೆಯಿಂದ ಮೇಲೆ ಚುಚ್ಚುವ ನೋವು ತಿಳಿಯುವುದಿಲ್ಲ, ಉಂಗುರ ಅಲ್ಲಿ ಹಾಕುವುದರಿಂದ ಅರಿವಳಿಕೆ ಬೇಡ. ಮೂರನೇ ಹಂತದ ಕೆಲವರಿಗೂ ಇದು ನಡೆಯುತ್ತದೆ. ತುಂಬಾ ದೊಡ್ಡದಿದ್ದರೆ, ನಾಲ್ಕನೇ ಹಂತವಾದರೆ, ಆಪರೇಷನ್ ಮಾತು. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಮೊದಲೇ ಹೇಳಬೇಕು.

ಹಾಕಿದಾಗ ಮಲಕ್ಕೆ ಅವಸರವಾದ ಹಾಗೆ ಒತ್ತಡ, ಅಷ್ಟೆ. ಎರಡು ದಿನ ಭಾರ ಇತ್ತು. ಏಳನೇ ದಿನ ಒಂದಿಷ್ಟು ರಕ್ತ ಬಂತು. ಮುಂಚೆಯೇ ಹೇಳಿದ್ದರಿಂದ ಹೆದರಲಿಲ್ಲ. ಜ್ವರ ಬಂದರೆ, ನೋವು ಹೆಚ್ಚುತ್ತಾ ಹೋದರೆ, ಮೂತ್ರ ಕಟ್ಟಿದರೆ, ರಕ್ತ ನಿಲ್ಲದಿದ್ದರೆ ಎಷ್ಟೇ ಹೊತ್ತಾಗಿರಲಿ ಬರಬೇಕು ಎಂದಿದ್ದರು. ಅವು ಯಾವುವೂ ಆಗಲಿಲ್ಲ.

ಬಚ್ಚಲಿನ ಟಬ್ ನೋಡಿ ಅತ್ತೆ ಒಂದು ಸಂಜೆ ಮೆಲ್ಲಗೆ ಕೇಳಿದರು: "ನಿಂಗೂ ಇತ್ತೇನೆ?"

"ನಿಮಗೂ ಇದೆಯಾ ಅತ್ತೆ?"

"ಒಂದು ವರ್ಷ ಆಯ್ತು. ಮೂಲವ್ಯಾಧಿ ಅಂತ ಸುಮ್ನೆ ಇದ್ದೆ."

ಅವರಿಗೆ 66. ರಕ್ತ ಕಪ್ಪಗೆ, ಮಲದ ಜೊತೆ ಬೆರೆತು ಬರುತ್ತದಂತೆ. ಸೀರೆ ಕುಪ್ಪಸ ಸಡಿಲವಾಗಿದ್ದನ್ನು ನಾವೂ ನೋಡಿದ್ದೆವು, ವಯಸ್ಸಾಯಿತು ಅಂದುಕೊಂಡಿದ್ದೆವು. ಡಾಕ್ಟರ್ ನನಗೆ ಹೇಳಿದ್ದು ನೆನಪಾಯಿತು: ಈ ವಯಸ್ಸಿನಲ್ಲಿ, ಇಂಥ ರಕ್ತಕ್ಕೆ, ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡದೆ ಪೈಲ್ಸ್ ಅನ್ನುವ ಹಾಗಿಲ್ಲ. ಒಲೆಯ ಬೆಂಕಿ ಆರಿಸಿ, ಮರುದಿನದ ಮೊದಲ ಬಸ್ಸಿಗೆ ಅತ್ತೆಯ ಚೀಲ ತುಂಬಿದೆ.