ಕಸೂತಿಯ ಹಿಂಬದಿಯನ್ನು ತೋರಿಸಲು ಕಲಿತದ್ದು

ಕೈಕಸುಬಿನ ವಸ್ತುಗಳನ್ನು ಮಾರುವವರಿಗೆ ಚಿಕ್ಕ ವಿಡಿಯೊಗಳನ್ನು ಮಾಡಿಕೊಡುವುದು ನನ್ನ ಕೆಲಸ. ಧಾರವಾಡದಲ್ಲಿ ಕೆಲವು ಹೆಣ್ಣುಮಕ್ಕಳು ಸೇರಿ ಕಸೂತಿ ಹಾಕಿದ ದುಪಟ್ಟಾಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಾರೆ. ಅವರಿಗಾಗಿ ಒಂದೇ ದುಪಟ್ಟಾದ ವಿಡಿಯೊವನ್ನು ನಾನು ಎರಡು ಸಲ ಮಾಡಬೇಕಾಯಿತು. ಮೊದಲನೆಯದು ನೋಡಲು ಚೆನ್ನಾಗಿದ್ದರೂ ಉಪಯೋಗಕ್ಕೆ ಬರಲಿಲ್ಲ, ಮೇಲಾಗಿ ಅದರಲ್ಲಿ ಒಂದು ತಪ್ಪು ಮಾತು ಸೇರಿಕೊಂಡಿತ್ತು. ಎರಡನೆಯದನ್ನು ಹೇಗೆ ಮಾಡಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ತೊಂದರೆ ಸ್ಪಷ್ಟವಾಗಿತ್ತು. ಕಪ್ಪು ಹತ್ತಿ ಬಟ್ಟೆಯ ಮೇಲೆ ಕೆಂಪು ಮತ್ತು ಹಳದಿ ದಾರದಲ್ಲಿ ಗೋಪುರದ ಸಾಲು ಹಾಕಿದ ದುಪಟ್ಟಾದ ಫೋಟೊ ನೋಡಿದವರೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಇದು ಕೈಯಲ್ಲಿ ಹಾಕಿದ್ದೋ, ಮಷೀನಿನದೋ? ಎಣಿಕೆ ತಪ್ಪದ ಕಸೂತಿ ಫೋಟೊದಲ್ಲಿ ಮಷೀನಿನ ಕೆಲಸದಂತೆಯೇ ಕಾಣುತ್ತದೆ, ಹೀಗಾಗಿ ಕೆಲಸ ಅಚ್ಚುಕಟ್ಟಾದಷ್ಟೂ ಅನುಮಾನ ಹೆಚ್ಚುತ್ತಿತ್ತು. ಆದ್ದರಿಂದ ಮುಖ, ಮಾತು ಯಾವುದೂ ಇಲ್ಲದೆ ಕೈಗಳು ಮಾತ್ರ ಕಾಣುವ ವಿಡಿಯೊ ಮಾಡೋಣ ಎಂದು ನಿರ್ಧರಿಸಿದೆವು. ಹೊಲಿಯುವ ಅಕ್ಕನವರಿಗೆ ಕ್ಯಾಮೆರಾ ಮುಂದೆ ಮುಖ ತೋರಿಸಲು ಇಷ್ಟವಿರಲಿಲ್ಲ ಎಂಬುದೂ ಒಂದು ಕಾರಣವೇ ಆಗಿತ್ತು.

ಮೊದಲ ವಿಡಿಯೊದಲ್ಲಿ ನಾನು ದುಪಟ್ಟಾವನ್ನು ಬಿಚ್ಚುವುದು, ಸೂಜಿಗೆ ದಾರ ಪೋಣಿಸುವುದು, ನಾಲ್ಕಾರು ಹೊಲಿಗೆ ಹಾಕುವುದು, ಕೊನೆಗೆ ಮಲ್ಲಿಗೆ ಹೂವಿನ ಪಕ್ಕ ದುಪಟ್ಟಾವನ್ನು ಹರಡಿಡುವುದು ಎಂದು ಜೋಡಿಸಿದ್ದೆ. ಬೇಸರವಾಗಬಾರದೆಂದು ಹೊಲಿಗೆಯ ಭಾಗದ ವೇಗವನ್ನು ನಾಲ್ಕು ಪಟ್ಟು ಹೆಚ್ಚಿಸಿ, ಕೊನೆಯ ದೃಶ್ಯದ ಮೇಲೆ ‘ಎರಡೂ ಬದಿ ಒಂದೇ ರೀತಿ’ ಎಂದು ಬರೆದಿದ್ದೆ. ಕಸೂತಿಯ ಹಿರಿಮೆಯೇ ಅದು ಎಂದು ಎಲ್ಲೆಡೆ ಕೇಳಿದ್ದರಿಂದ, ಕೈಯಲ್ಲಿದ್ದ ಬಟ್ಟೆಯನ್ನು ತಿರುಗಿಸಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ. ವಿಡಿಯೊ ನೋಡಿ ಕೊಂಡ ಒಬ್ಬರು, ಅಂಚಿನ ಪಟ್ಟಿ ಹಿಂಬದಿಯಲ್ಲಿ ಬೇರೆ ಥರ ಇದೆ, ಇದು ಮಷೀನಿನದೇ ಎಂದು ಬರೆದು ದುಪಟ್ಟಾವನ್ನು ಹಿಂದಿರುಗಿಸಿದರು.

ಆ ದುಪಟ್ಟಾವನ್ನು ಮೇಜಿನ ಮೇಲಿಟ್ಟು ಅಕ್ಕನವರು ನನಗೆ ತಿಳಿಸಿ ಹೇಳಿದರು. ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಇವುಗಳಲ್ಲಿ ಎರಡೂ ಬದಿ ಒಂದೇ ಆಗಿ ಬರುವುದು ಗವಂತಿ ಮತ್ತು ಮುರಗಿ ಮಾತ್ರ. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಮೇಲೆ, ಒಂದು ಹೊಲಿಗೆ ಕೆಳಗೆ ಎಂದು ಗೆರೆಯ ಕೊನೆಯವರೆಗೆ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗುತ್ತ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಬರುತ್ತದೆ. ಹೋಗುವಾಗ ಮುಂದೆ ಖಾಲಿ ಬಿಟ್ಟದ್ದು ಬರುವಾಗ ತುಂಬುತ್ತದೆ, ಹಿಂಬದಿಯಲ್ಲೂ ಹಾಗೆಯೇ, ಹೀಗಾಗಿ ಎರಡು ಕಡೆಯೂ ಮುರಿಯದ ಗೆರೆ ಸಿಗುತ್ತದೆ. ಮುರಗಿಯೂ ಇದೇ ಕ್ರಮದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಏರುತ್ತದೆ. ನೇಗಿಯ ರೀತಿ ಬೇರೆ. ಅದು ಹೆಸರೇ ಹೇಳುವಂತೆ ನೇಯ್ದ ಹಾಗೆ ಕಾಣುವ ಹೊಲಿಗೆ. ದಾರ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಓಡುವುದರಿಂದ ಮುಂಬದಿಯಲ್ಲಿ ತುಂಬಿದ ಜಾಗ ಹಿಂಬದಿಯಲ್ಲಿ ಖಾಲಿಯಾಗಿಯೂ, ಖಾಲಿ ಬಿಟ್ಟ ಜಾಗ ತುಂಬಿಯೂ ಕಾಣುತ್ತದೆ. ಮೆಂತಿಯಲ್ಲಿ ಮೇಲೆ ಅಡ್ಡಗೆರೆಗಳು ಕೂಡಿ ಮೆಂತ್ಯದ ಕಾಳಿನಂತೆ ಕಂಡರೆ, ಕೆಳಗೆ ಚಿಕ್ಕ ನೇರ ಗೆರೆಗಳಷ್ಟೇ ಉಳಿಯುತ್ತವೆ. ನಮ್ಮ ದುಪಟ್ಟಾದ ಗೋಪುರಗಳು ಗವಂತಿಯವು, ಅಂಚಿನ ಪಟ್ಟಿ ನೇಗಿಯದು.

‘ಹಿಂದ ಬ್ಯಾರೆ ಕಾಣ್ತದಂದ್ರ ಅದು ಕೈ ಕೆಲಸ ಅಲ್ಲ ಅಂತ ಅಲ್ರೀ, ನೇಗಿ ಇರೂದ ಹಂಗ’ ಎಂದು ಅವರು ಹೇಳಿದಾಗ, ನಾನು ಬರೆದ ನಾಲ್ಕು ಪದಗಳು ಅವರ ದಿನಗಟ್ಟಲೆಯ ಕೆಲಸವನ್ನು ಸುಳ್ಳು ಮಾಡಿದ್ದು ನನ್ನನ್ನು ತುಂಬಾ ಕಾಡಿತು. ಎರಡನೆಯ ಸಲ ಕ್ಯಾಮೆರಾ ಹಿಡಿಯುವ ಮೊದಲು ಕೊನೆಯ ದೃಶ್ಯ ಏನೆಂಬುದನ್ನು ಗೊತ್ತು ಮಾಡಿಕೊಂಡೆವು: ಗೋಪುರದ ಮುಂಬದಿ ಮತ್ತು ಹಿಂಬದಿ ಒಂದೇ ಚೌಕಟ್ಟಿನಲ್ಲಿ ಅಕ್ಕಪಕ್ಕ ಕಾಣಬೇಕು. ಹಿಂದಿನ ಹಂತಗಳೆಲ್ಲ, ಆ ಹಿಂಬದಿ ಹಾಗೆ ಬಂದದ್ದು ಹೇಗೆ ಎಂಬುದನ್ನು ತೋರಿಸಿದರೆ ಸಾಕು. ಹೀಗೆ ಯೋಚಿಸಿದಾಗ ದಾರ ಪೋಣಿಸುವ ದೃಶ್ಯ ತಾನಾಗಿಯೇ ಬಿದ್ದುಹೋಯಿತು, ಏಕೆಂದರೆ ಅದು ಯಾವ ಪ್ರಶ್ನೆಗೂ ಉತ್ತರವಲ್ಲ. ಉಳಿದದ್ದು ನಾಲ್ಕು ಹಂತ: ಸೂಜಿಯ ಮೊನೆಯಿಂದ ಬಟ್ಟೆಯ ಎಳೆಗಳನ್ನು ಎಣಿಸುವುದು, ಗವಂತಿಯ ಹೋಗುವ ಸಾಲು, ಹಿಂದಿರುಗುವ ಸಾಲು, ಬಟ್ಟೆ ತಿರುಗಿಸುವುದು.

ಎಳೆ ಎಣಿಸುವುದನ್ನು ಮೊದಲು ಇಟ್ಟಿದ್ದಕ್ಕೆ ಕಾರಣವಿದೆ. ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹಾಕುತ್ತಾರೆ. ಖಾಲಿ ಕಪ್ಪು ಬಟ್ಟೆಯ ಮೇಲೆ ಸೂಜಿಯ ಮೊನೆ ಒಂದೊಂದೇ ಎಳೆಯನ್ನು ಮುಟ್ಟುತ್ತ ನಾಲ್ಕನೆಯದರಲ್ಲಿ ನಿಂತು ಒಳಗೆ ಇಳಿಯುವುದನ್ನು ಹತ್ತಿರದಿಂದ ಕಂಡವರು ಇದು ಮಷೀನಿನದೇ ಎಂದು ಕೇಳುವುದಿಲ್ಲ.

ಹೋಗುವ ಸಾಲು ಮತ್ತು ಬರುವ ಸಾಲು ಬೇರೆ ಬೇರೆಯಾಗಿ ಕಾಣಲೆಂದು ಎರಡು ಬಣ್ಣದ ದಾರ ಬಳಸೋಣ ಎಂದು ನಾನು ಸೂಚಿಸಿದ್ದೆ. ಅಕ್ಕನವರು ಒಪ್ಪಲಿಲ್ಲ. ‘ಹೋದ ದಾರೀಲೇ ಅದ ದಾರ ತಿರುಗಿ ಬರಬೇಕು. ಎರಡು ದಾರ ತಗೊಂಡ್ರ ಗವಂತಿ ಹೆಂಗಾಗ್ತದ?’ ಎಂದರು. ಅವರ ಮಾತು ಸರಿಯಾಗಿತ್ತು. ಕಲಿಸುವ ಪಾಠಕ್ಕೆ ಎರಡು ಬಣ್ಣ ನಡೆಯಬಹುದು, ಆದರೆ ಮಾರುವ ವಸ್ತುವಿನ ವಿಡಿಯೊದಲ್ಲಿ ಆ ವಸ್ತುವಿನಲ್ಲಿ ಇಲ್ಲದ್ದನ್ನು ತೋರಿಸಬಾರದು. ಅದರ ಬದಲು, ಹೋಗುವ ಸಾಲು ಮುಗಿದ ಮೇಲೆ ಕೈಗಳನ್ನು ಪೂರ್ತಿ ಹಿಂದಕ್ಕೆ ತೆಗೆದುಕೊಂಡು ಎರಡು ಸೆಕೆಂಡು ಹಾಗೇ ಬಿಟ್ಟೆವು. ಒಂದು ಹೊಲಿಗೆ, ಒಂದು ಖಾಲಿ ಎಂದು ಬಿಟ್ಟು ಬಿಟ್ಟು ನಿಂತ ಗೆರೆ ಆ ಎರಡು ಸೆಕೆಂಡಿನಲ್ಲಿ ಕಣ್ಣಿಗೆ ಬೀಳುತ್ತದೆ. ಮುಂದಿನ ದೃಶ್ಯದಲ್ಲಿ ಸೂಜಿ ತಿರುಗಿ ಬಂದು ಮೊದಲ ಖಾಲಿ ಜಾಗವನ್ನು ಮುಚ್ಚಿದಾಗ ಬರಹವಿಲ್ಲದೆಯೇ ವಿಷಯ ತಿಳಿಯುತ್ತದೆ.

ಈ ಸಲ ಪ್ರತಿ ಹಂತವನ್ನೂ ಹೀಗೆಯೇ ಚಿತ್ರಿಸಿದೆವು: ಮೊದಲು ಬಟ್ಟೆ ಮಾತ್ರ, ಆಮೇಲೆ ಕೈ ಒಳಗೆ ಬರುತ್ತದೆ, ಕೆಲಸ ಮಾಡುತ್ತದೆ, ಹೊರಗೆ ಹೋಗುತ್ತದೆ, ಬಟ್ಟೆ ಮತ್ತೆ ಒಂದು ಕ್ಷಣ ಉಳಿಯುತ್ತದೆ. ಕೈ ಹೊರಗಿರುವಾಗ ಕತ್ತರಿಸಿದರೆ ಒಂದು ಹಂತ ಮುಗಿದು ಇನ್ನೊಂದು ಶುರುವಾದದ್ದು ನೋಡುವವರಿಗೆ ಗೊತ್ತಾಗುತ್ತದೆ. ಕೈ ನಡುವೆ ಇರುವಾಗ ಕತ್ತರಿಸಿದರೆ ಬೆರಳುಗಳು ಜಿಗಿದಂತೆ ಕಂಡು, ಏನನ್ನೋ ಮರೆಮಾಚಿದ ಅನಿಸಿಕೆ ಬರುತ್ತದೆ. ವೇಗವನ್ನೂ ಹೆಚ್ಚಿಸಲಿಲ್ಲ. ಮೂರು ಹೊಲಿಗೆಗಳನ್ನು ಅವುಗಳ ನಿಜವಾದ ವೇಗದಲ್ಲೇ ತೋರಿಸಿ, ನಡುವಿನದನ್ನು ಬಿಟ್ಟು, ಸಾಲಿನ ಕೊನೆಯ ಹೊಲಿಗೆಗೆ ಹೋದೆವು. ಓಡಿಸಿದ ಕೈ ಮಷೀನಿನಂತೆ ಕಾಣುತ್ತದೆ, ನಮ್ಮ ವಿಡಿಯೊ ಅಲ್ಲಗಳೆಯಬೇಕಾದದ್ದೂ ಅದನ್ನೇ.

ಕಪ್ಪು ಬಟ್ಟೆಯನ್ನು ಮೊಬೈಲಿನಲ್ಲಿ ಚಿತ್ರಿಸುವುದು ಸುಲಭವಲ್ಲ. ಚೌಕಟ್ಟಿನ ತುಂಬ ಕಪ್ಪೇ ಇದ್ದರೆ ಕ್ಯಾಮೆರಾ ಕತ್ತಲೆಯಾಗಿದೆಯೆಂದು ತಿಳಿದು ಬೆಳಕನ್ನು ತಾನೇ ಏರಿಸುತ್ತದೆ, ಆಗ ಬಟ್ಟೆ ಬೂದು ಬಣ್ಣಕ್ಕೆ ತಿರುಗಿ ಹಳದಿ ದಾರ ಬಿಳಿಚಿಕೊಳ್ಳುತ್ತದೆ. ಕೈ ಒಳಗೆ ಬಂದೊಡನೆ ಮತ್ತೆ ಇಳಿಸುತ್ತದೆ, ಇಡೀ ದೃಶ್ಯ ಉಸಿರಾಡಿದಂತೆ ಏರಿಳಿಯುತ್ತದೆ. ಇದಕ್ಕೆ ಪರಿಹಾರ, ಪರದೆಯ ಮೇಲೆ ದಾರ ಕಾಣುವ ಜಾಗದಲ್ಲಿ ಬೆರಳನ್ನು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕು ಎರಡನ್ನೂ ಲಾಕ್ ಮಾಡಿ, ಆಮೇಲೆ ಕಪ್ಪು ಕಪ್ಪಾಗಿಯೇ ಕಾಣುವವರೆಗೆ ಬೆಳಕನ್ನು ಇಳಿಸುವುದು. ಕೆಂಪು ದಾರದ ಎಳೆಗಳು ಒಂದಕ್ಕೊಂದು ಬೆರೆತು ಬಣ್ಣ ಬಳಿದಂತೆ ಕಂಡರೆ ಬೆಳಕು ಇನ್ನೂ ಹೆಚ್ಚಾಗಿದೆ ಎಂದರ್ಥ.

ಟ್ಯೂಬ್‌ಲೈಟನ್ನು ಆರಿಸಿ, ಎಡಗಡೆಯ ಕಿಟಕಿಯ ಬೆಳಕೊಂದನ್ನೇ ಇಟ್ಟುಕೊಂಡೆವು. ಅಕ್ಕನವರು ಬಲಗೈಯಲ್ಲಿ ಸೂಜಿ ಹಿಡಿಯುವುದರಿಂದ ಎಡದಿಂದ ಬರುವ ಬೆಳಕಿನಲ್ಲಿ ಅವರ ಕೈಯ ನೆರಳು ಸೂಜಿಯ ಮೇಲೆ ಬೀಳುವುದಿಲ್ಲ, ಬಟ್ಟೆಯ ಎಳೆಗಳೂ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತವೆ. ಮೊಬೈಲನ್ನು ಅವರ ಎಡ ಭುಜದ ಮೇಲಿನಿಂದ ಕೆಳಗೆ ನೋಡುವಂತೆ ನಿಲ್ಲಿಸಿದ್ದರಿಂದ ನೋಡುವವರಿಗೆ ತಮ್ಮದೇ ಕೈ ಹೊಲಿದಂತೆ ಕಾಣುತ್ತದೆ. ತೀರ ಹತ್ತಿರ ಹಿಡಿದರೆ ಮೊಬೈಲಿನ ನೆರಳೇ ಬಟ್ಟೆಯ ಮೇಲೆ ಬೀಳುತ್ತಿತ್ತು, ಆದ್ದರಿಂದ ಒಂದೂವರೆ ಗೇಣು ದೂರದಲ್ಲಿಟ್ಟು `2x` ಒತ್ತಿದೆವು. ಕೆಲವು ದೂರಗಳಲ್ಲಿ ಬಟ್ಟೆಯ ನೇಯ್ಗೆಯ ಮೇಲೆ ನೀರಿನ ಅಲೆಯಂತಹ ಗೆರೆಗಳು ಮೂಡುತ್ತವೆ. ಅವು ಬಟ್ಟೆಯಲ್ಲಿರುವುದಿಲ್ಲ, ನೇಯ್ಗೆಯ ಎಳೆಗಳು ಕ್ಯಾಮೆರಾದ ಚುಕ್ಕೆಗಳ ಸಾಲಿನೊಂದಿಗೆ ತಾಕಲಾಡಿ ಹುಟ್ಟುವವು. ಮೊಬೈಲನ್ನು ಎರಡು ಬೆರಳಷ್ಟು ಹಿಂದೆ ಮುಂದೆ ಸರಿಸಿದರೆ ಹೋಗುತ್ತವೆ. ಚಿತ್ರಿಸುವಾಗಲೇ ನೋಡಿಕೊಳ್ಳದಿದ್ದರೆ ಆಮೇಲೆ ತೆಗೆಯುವುದು ಕಷ್ಟ.

ಎರಡು ದಿನ ಕೆಲಸ ಹಿಡಿದದ್ದರಿಂದ ಇನ್ನೊಂದು ತೊಡಕು ಬಂತು. ಎರಡನೆಯ ದಿನ ಅಕ್ಕನವರು ಯಾವುದೋ ಕಾರ್ಯಕ್ರಮಕ್ಕೆ ಹಚ್ಚಿಕೊಂಡ ಮೆಹಂದಿಯೊಂದಿಗೆ ಬಂದರು. ಕೈಗಳೇ ಪಾತ್ರವಾಗಿರುವ ವಿಡಿಯೊದಲ್ಲಿ ಕೈ ಬದಲಾದರೆ ಬೇರೆ ಯಾರೋ ಹೊಲಿದಂತೆ ಕಾಣುತ್ತದೆ, ಹಾಗಾಗಿ ಮೆಹಂದಿಯ ಕೈಯಲ್ಲೇ ಮೊದಲಿನ ಎರಡು ಹಂತಗಳನ್ನು ಮತ್ತೆ ತೆಗೆದೆವು. ಬಳೆಯ ಸದ್ದನ್ನು ಮಾತ್ರ ಬೇಕೆಂದೇ ಉಳಿಸಿಕೊಂಡೆ. ದಾರ ಬಟ್ಟೆಯೊಳಗಿಂದ ಎಳೆದುಬರುವ ಸಣ್ಣ ಸದ್ದು, ಬಳೆಯ ಸದ್ದು, ಇವಿಷ್ಟೇ ಸಾಕು, ಸಂಗೀತ ಬೇಡವೆನಿಸಿತು.

ಕೊನೆಯ ದೃಶ್ಯಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಎರಡೂ ಕೈಗಳು ದುಪಟ್ಟಾದ ಮೂಲೆಯನ್ನು ಹಿಡಿದು ಪುಸ್ತಕದ ಹಾಳೆ ತಿರುವಿದಂತೆ ಮಡಚಬೇಕು, ಮಡಿಕೆಯ ಮೇಲ್ಗಡೆ ಗೋಪುರದ ಹಿಂಬದಿ, ಕೆಳಗಡೆ ಇನ್ನೊಂದು ಗೋಪುರದ ಮುಂಬದಿ ಉಳಿಯಬೇಕು, ಆಮೇಲೆ ಕೈಗಳು ಹೊರಗೆ ಹೋಗಬೇಕು. ಕೈ ತೆಗೆದೊಡನೆ ಮಡಿಕೆ ನಿಧಾನವಾಗಿ ಏಳುತ್ತಿತ್ತು. ಮಡಿಕೆಯ ಗೆರೆಗೆ ಮೊದಲೇ ಇಸ್ತ್ರಿ ಹಾಕಿ, ಚೌಕಟ್ಟಿನ ಆಚೆ ಬಟ್ಟೆಯ ತುದಿಯ ಮೇಲೆ ಕತ್ತರಿಯನ್ನು ಭಾರವಾಗಿಟ್ಟ ಮೇಲೆ ಅದು ನಿಂತಿತು. ಎರಡು ಗೋಪುರಗಳನ್ನೂ ಚೌಕಟ್ಟಿನ ನಡುಭಾಗದಲ್ಲೇ ಇಟ್ಟೆವು, ಏಕೆಂದರೆ ಲಂಬ ಚೌಕಟ್ಟಿನ ವಿಡಿಯೊದ ಕೆಳಭಾಗವನ್ನು ಮಾರುವವರ ಹೆಸರು ಮತ್ತು ವಿವರಣೆ ಮುಚ್ಚುತ್ತವೆ. ಕೈ ಹೋದ ಮೇಲೆ ಪೂರ್ತಿ ನಾಲ್ಕು ಸೆಕೆಂಡು ಏನೂ ಅಲುಗಾಡುವುದಿಲ್ಲ. ಅಷ್ಟು ಹೊತ್ತಿದ್ದರೆ ಕಣ್ಣು ಮುಂಬದಿಯಿಂದ ಹಿಂಬದಿಗೆ ಹೋಗಿ ಗಂಟನ್ನು ಹುಡುಕಿ, ಇಲ್ಲವೆಂದು ತಿಳಿದು ಮತ್ತೆ ಬರಬಹುದು. ಅದರ ಮೇಲೆ ಬೆಲೆಯನ್ನೂ ಬರೆಯಲಿಲ್ಲ. ‘ಗೋಪುರ ಗವಂತಿಯದು: ಎರಡೂ ಬದಿ ಒಂದೇ. ಅಂಚು ನೇಗಿಯದು: ಹಿಂಬದಿ ಬೇರೆ’ ಎಂಬ ಸಾಲನ್ನು ವಿಡಿಯೊದ ಕೆಳಗಿನ ವಿವರಣೆಯಲ್ಲಿ ಹಾಕಿದೆವು, ಅಂಚಿನ ಹಿಂಬದಿಯ ಫೋಟೊವನ್ನೂ ಜೊತೆಗಿಟ್ಟೆವು.

ಈಗ ಅವರು ಮೆಂತಿ ಹಾಕಿದ ಕೈಚೀಲವನ್ನು ಮಾರಲು ಹೊರಟಿದ್ದಾರೆ. ಚೀಲಕ್ಕೆ ಒಳಗಿನಿಂದ ಅಸ್ತರಿ ಹಾಕುವುದರಿಂದ ಸಿದ್ಧವಾದ ಮೇಲೆ ಹಿಂಬದಿ ಕಾಣುವುದೇ ಇಲ್ಲ. ಅದಕ್ಕೇ ಹೋದ ವಾರ ಅಸ್ತರಿ ಕೂಡಿಸುವ ಮೊದಲೇ ಹೋಗಿ, ಬಟ್ಟೆ ಇನ್ನೂ ಬಿಡಿ ತುಂಡಾಗಿರುವಾಗ ಹಿಂಬದಿಯ ನೇರ ಗೆರೆಗಳನ್ನು ಚಿತ್ರಿಸಿಕೊಂಡು ಬಂದಿದ್ದೇನೆ.