ತಿಂಗಳಿಗೆ ಎರಡು ನಿಮಿಷ ಮುಂದೆ ಓಡಿದ ಟೈಮರ್

ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಘಟಕದಲ್ಲಿ ನಾನು ಪಂಪ್‌ಸೆಟ್ ಟೈಮರ್‌ಗಳ ಬೋರ್ಡ್ ಡಿಸೈನ್ ಮಾಡುತ್ತೇನೆ. ಒಂದು ಬೇಸಿಗೆಯಲ್ಲಿ ಇಂಡಿ ಕಡೆಯ ನಿಂಬೆ ತೋಟದ ರೈತರೊಬ್ಬರು ಫೋನ್ ಮಾಡಿದರು. "ಸರ, ನಿಮ್ಮ ಟೈಮರ್ ತಿಂಗಳಿಗೆ ಎರಡು ನಿಮಿಷ ಮುಂದ ಓಡಾಕತ್ತೈತ್ರಿ."

ನಾವೆಲ್ಲ ತಪ್ಪನ್ನು ವಿಜಯಪುರದ ಬಿಸಿಲಿನ ಮೇಲೆ ಹಾಕಿದೆವು. ಆದರೆ 32.768 ಕಿಲೋಹರ್ಟ್ಸ್‌ನ ಗಡಿಯಾರದ ಕ್ರಿಸ್ಟಲ್ ಸುಮಾರು 25 ಡಿಗ್ರಿಯಿಂದ ಯಾವ ಕಡೆ ಸರಿದರೂ ನಿಧಾನವೇ ಆಗುತ್ತದೆ. ಡಬ್ಬಿಯೊಳಗೆ 45 ಡಿಗ್ರಿ ಇದ್ದರೆ ದಿನಕ್ಕೆ ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹಿಂದೆ ಬೀಳಬೇಕು. ಇದು ಮುಂದೆ ಓಡುತ್ತಿತ್ತು. ಅಂದರೆ ತಪ್ಪು ಬಿಸಿಲಿನದಲ್ಲ, ನನ್ನದು.

ಕ್ರಿಸ್ಟಲ್‌ನ ಒಳಗಿನ ಕಂಪನವನ್ನು ಸರ್ಕ್ಯೂಟ್ ಆಗಿ ಬರೆದರೆ L1 ಎಂಬ ಕಾಯಿಲ್, C1 ಎಂಬ ಕೆಪಾಸಿಟರ್, R1 ಎಂಬ ರೆಸಿಸ್ಟರ್ ಒಂದೇ ಸಾಲಿನಲ್ಲಿರುತ್ತವೆ. ಅವುಗಳಿಗೆ ಅಡ್ಡಲಾಗಿ C0, ಅಂದರೆ ಎಲೆಕ್ಟ್ರೋಡ್ ಮತ್ತು ಕವಚದ ಕೆಪಾಸಿಟನ್ಸ್. ನಮ್ಮ ಕ್ರಿಸ್ಟಲ್‌ನಲ್ಲಿ C1 ಬರೀ 0.003 ಪಿಕೋಫ್ಯಾರಡ್, C0 ಸುಮಾರು 1 ಪಿಕೋಫ್ಯಾರಡ್. ಲೆಕ್ಕ ಹಾಕಿದರೆ L1 7,800 ಹೆನ್ರಿ ದಾಟುತ್ತದೆ! ಅಂಥ ಕಾಯಿಲ್ ಸುತ್ತಲು ಯಾರಿಂದಾದೀತು?

L1 ಮತ್ತು C1 ಒಂದನ್ನೊಂದು ರದ್ದು ಮಾಡುವ ಫ್ರೀಕ್ವೆನ್ಸಿ fs, ಅದೇ ಸೀರೀಸ್ ರೆಸೊನೆನ್ಸ್. ಅದರಿಂದ ಸುಮಾರು 49 ಹರ್ಟ್ಸ್ ಮೇಲೆ, C0 ಕೂಡ ಸೇರಿದಾಗ, ಪ್ಯಾರಲಲ್ ರೆಸೊನೆನ್ಸ್. ನಮ್ಮ ಆಸಿಲೇಟರ್ ನಡೆಯುವುದು ಇವೆರಡರ ನಡುವೆ. ಯಾವ ಫ್ರೀಕ್ವೆನ್ಸಿಯಲ್ಲಿ, ಅಂದರೆ ಯಾವ fLನಲ್ಲಿ, ನಿಲ್ಲುತ್ತದೆ ಅನ್ನುವುದನ್ನು ಹೊರಗಿನ ಲೋಡ್ ಕೆಪಾಸಿಟನ್ಸ್ CL ನಿರ್ಧರಿಸುತ್ತದೆ:

```
fL = fs × (1 + C1 / (2 × (C0 + CL)))
```

CL ಕಡಿಮೆಯಾದರೆ ಫ್ರೀಕ್ವೆನ್ಸಿ ಏರುತ್ತದೆ. ಕ್ರಿಸ್ಟಲ್ ಮೇಲೆ ಬರೆದ ಫ್ರೀಕ್ವೆನ್ಸಿ, ಡೇಟಾಶೀಟ್ ಹೇಳಿದ CL ಇದ್ದಾಗ ಮಾತ್ರ ನಿಜ.

ನಮ್ಮದರ CL 12.5 ಪಿಕೋಫ್ಯಾರಡ್. ನಾನು ಸುಮ್ನೆ 12ರ ಎರಡು ಕೆಪಾಸಿಟರ್ ಹಾಕಿಬಿಟ್ಟಿದ್ದೆ. ಆದರೆ ಕ್ರಿಸ್ಟಲ್‌ನ ಕಡೆಯಿಂದ ನೋಡಿದರೆ ಅವೆರಡೂ ಸೀರೀಸ್‌ನಲ್ಲಿವೆ, ಅಲ್ವಾ? ಅಲ್ಲಿಗೆ 6. ಬೋರ್ಡಿನ ಗೆರೆಗಳು ಮತ್ತು ಚಿಪ್‌ನ ಕಾಲುಗಳಿಂದ ಇನ್ನೊಂದು 2. ಒಟ್ಟು 8. ಸೂತ್ರಕ್ಕೆ ಹಾಕಿದೆ: ಹತ್ತು ಲಕ್ಷಕ್ಕೆ 55 ಭಾಗ ವೇಗ, ದಿನಕ್ಕೆ 4.8 ಸೆಕೆಂಡ್, ತಿಂಗಳಿಗೆ 2 ನಿಮಿಷ 24 ಸೆಕೆಂಡ್. ಬಿಸಿಲು ಸ್ವಲ್ಪ ಹಿಂದೆ ಎಳೆದಿದ್ದರಿಂದ ರೈತರಿಗೆ ಎರಡು ನಿಮಿಷದ ಹತ್ತಿರ ಕಂಡಿತ್ತು.

ಖಚಿತ ಮಾಡಿಕೊಳ್ಳಲು ಕ್ರಿಸ್ಟಲ್ ಕಾಲಿಗೇ ಪ್ರೋಬ್ ಇಡಬೇಡಿ. ಪ್ರೋಬ್‌ಗೂ ಹತ್ತು ಪಿಕೋಫ್ಯಾರಡ್‌ನಷ್ಟು ಇರುತ್ತದೆ. ಫ್ರೀಕ್ವೆನ್ಸಿ ಇಳಿಯುತ್ತದೆ, ಕೆಲವೊಮ್ಮೆ ಆಸಿಲೇಟರ್ ನಿಂತೇ ಹೋಗುತ್ತದೆ. ಚಿಪ್‌ನ ಕ್ಲಾಕ್ ಔಟ್‌ಪುಟ್ ಪಿನ್‌ಗೆ ಕೌಂಟರ್ ಹಚ್ಚಿದೆ. 32,769.8 ಹರ್ಟ್ಸ್ ತೋರಿಸಿತು.

ಬೇಕಾದದ್ದು 2 × (12.5 − 2), ಅಂದರೆ 21. ಅಂಗಡಿಯಲ್ಲಿ ಸಿಗುವುದು 22. ಅದನ್ನು ಹಾಕಿದರೆ ದಿನಕ್ಕೆ ಮೂರನೇ ಒಂದು ಸೆಕೆಂಡ್ ನಿಧಾನ. ಕ್ರಿಸ್ಟಲ್‌ನ ಸ್ವಂತ ಟಾಲರೆನ್ಸೇ 1.7 ಸೆಕೆಂಡ್ ಇರುವಾಗ ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಗೋಡೌನಿನಲ್ಲಿದ್ದ ಬೋರ್ಡುಗಳನ್ನೆಲ್ಲ ಇಳಿಸಿ, ಕೆಪಾಸಿಟರ್ ಬದಲಿಸಲು ಕೂತೆವು.