ರಾತ್ರಿ ಮಳೆ, ಹೆಲ್ಮೆಟ್, ಮತ್ತೆ ಆ ಹಳದಿ ಗ್ಲಾಸ್

"ಸಾರ್, ನಾನು ಪವರ್ ಗ್ಲಾಸ್ ಹಾಕ್ತೀನಿ. ರಾತ್ರಿ ಮಳೇಲಿ ಬೈಕ್ ಓಡಿಸುವಾಗ ಎದುರಿನ ಲೈಟ್ ಬಿದ್ರೆ ರಸ್ತೇನೇ ಕಾಣಲ್ಲ. ಹಳದಿ ನೈಟ್ ಗ್ಲಾಸ್ ತಗೊಳ್ಳಲಾ?"

ಬೇಡ. ಮೊದಲು ನಿಮ್ಮ ಹೆಲ್ಮೆಟ್ ಹಿಡ್ಕೊಂಡು ಬನ್ನಿ.

ಚಿಕ್ಕಮಗಳೂರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಜೂನ್ ಶುರುವಾದರೆ ಸಾಕು, ಬೈಕಿನವರು ಒಬ್ಬೊಬ್ಬರಾಗಿ ಬರುತ್ತಾರೆ. ಕನ್ನಡಕ ಕೈಯಲ್ಲಿರುತ್ತದೆ, ಹೆಲ್ಮೆಟ್ ಮಾತ್ರ ಹೊರಗೆ ಬೈಕಿನ ಕನ್ನಡಿಗೆ ನೇತು ಬಿದ್ದಿರುತ್ತದೆ. ತೊಂದರೆಯ ಅರ್ಧ ಭಾಗವನ್ನು ಹೊರಗೇ ಬಿಟ್ಟು ಬಂದ ಹಾಗೆ ಅದು.

ಕಳೆದ ಮಳೆಗಾಲದಲ್ಲಿ ಬಂದ ಒಬ್ಬ ಹುಡುಗನ ಕಥೆಯನ್ನೇ ಹೇಳುತ್ತೇನೆ. ಕೆಲಸ ಮೂಡಿಗೆರೆಯಲ್ಲಿ, ಮನೆ ಇಲ್ಲಿ. ಸಂಜೆ ಏಳರ ಮೇಲೆ ಹೊರಟು ಸುಮಾರು 30 ಕಿಲೋಮೀಟರ್ ವಾಪಸ್ ಬರಬೇಕು. ಎದುರಿಗೆ ಬಸ್ಸು, ಜೀಪು ಬಂದರೆ ಒಂದೊಂದು ಲೈಟೂ ಓರೆಯಾಗಿ ಉದ್ದಕ್ಕೆ ಎಳೆದ ಗೆರೆಯ ಹಾಗೆ ಕಾಣುತ್ತದೆ ಅಂದ. ಆಗಲೇ ಆನ್‌ಲೈನಿನಲ್ಲಿ ಹಳದಿ ಗ್ಲಾಸ್ ತರಿಸಿ ಪವರ್ ಗ್ಲಾಸಿನ ಮೇಲೆ ಹಾಕಿಯೂ ನೋಡಿದ್ದ. "ಬೆಳಕು ಸ್ವಲ್ಪ ಮೆತ್ತಗಾದ ಹಾಗೆ ಅನಿಸ್ತು ಸಾರ್, ಆದ್ರೆ ಗುಂಡಿ ಮಾತ್ರ ಕಾಣಲ್ಲ."

ಅವನಿಗೆ ಗೊತ್ತಿಲ್ಲದೆಯೇ ಸರಿಯಾದ ಮಾತು ಹೇಳಿದ್ದ. ಹಳದಿ ಗ್ಲಾಸ್ ಬೆಳಕನ್ನು ಕೂಡಿಸುವುದಿಲ್ಲ, ಕಳೆಯುತ್ತದೆ ಅಷ್ಟೆ. ಎದುರಿನ ಲೈಟನ್ನು ಎಷ್ಟು ತಗ್ಗಿಸುತ್ತದೋ, ಆ ಲೈಟಿನ ಪಕ್ಕದಲ್ಲಿರುವ ಗುಂಡಿ, ಹಸು, ಕಂಬಳಿ ಹೊದ್ದು ನಡೆಯುವ ಮನುಷ್ಯ, ಇವರನ್ನೂ ತಗ್ಗಿಸುತ್ತದೆ. ಅಮೆರಿಕದಲ್ಲಿ ಡ್ರೈವಿಂಗ್ ಸಿಮ್ಯುಲೇಟರಿನ ಮೇಲೆ ಜನರನ್ನು ಕೂರಿಸಿ ಇದನ್ನು ಪರೀಕ್ಷೆ ಮಾಡಿದ್ದಾರೆ. 2019ರಲ್ಲಿ ಅದರ ಫಲ ಪ್ರಕಟವಾಯಿತು. ಎದುರಿನ ಲೈಟ್ ಕಣ್ಣಿಗೆ ಬೀಳುತ್ತಿರುವಾಗ ರಸ್ತೆಯಲ್ಲಿರುವ ಮನುಷ್ಯನನ್ನು ಗುರುತಿಸುವುದಕ್ಕೆ ಹಳದಿ ಗ್ಲಾಸಿನಿಂದ ಏನೂ ಲಾಭ ಕಾಣಲಿಲ್ಲ. ಹಾಕಿಕೊಂಡಾಗ ಹಿತ ಅನಿಸುವುದು ನಿಜ. ಅದೇ ಅದರ ಮೋಸ.

ಹುಡುಗನ ಪವರ್ ಪರೀಕ್ಷೆ ಮಾಡಿದೆ. ಬದಲಾಗಿರಲಿಲ್ಲ. ಎರಡು ಕಣ್ಣಿಗೂ ಸಿಲಿಂಡರ್ ಪವರ್ ಮೈನಸ್ 2 ಇತ್ತು. ಲೆನ್ಸಿಗೆ ಆ್ಯಂಟಿ-ಗ್ಲೇರ್ ಕೋಟಿಂಗ್ ಇತ್ತು, ಗೀರೂ ಇರಲಿಲ್ಲ. "ಎಲ್ಲಾ ಸರಿ ಇದೆಯಲ್ಲ ಮಾರಾಯಾ. ಹೋಗಿ ಹೆಲ್ಮೆಟ್ ತಗೊಂಡು ಬಾ, ಹಾಕ್ಕೊಂಡು ಇಲ್ಲಿ ಕೂತ್ಕೋ" ಅಂದೆ.

ಹಾಕಿಕೊಂಡ. ಕನ್ನಡಿ ಹಿಡಿದು ತೋರಿಸಿದೆ. ಕನ್ನಡಕ ಓರೆ! ಎಡಗಡೆಯ ಕಡ್ಡಿ ಕಿವಿಯ ಮೇಲೆ ಕೂತಿರಲಿಲ್ಲ, ಹೆಲ್ಮೆಟ್ಟಿನ ಸ್ಪಂಜಿನ ಮೇಲೆ ಹತ್ತಿ ಕೂತಿತ್ತು. ಒಂದು ಕಡೆ ಸುಮಾರು 1 ಸೆಂಟಿಮೀಟರ್ ಮೇಲೆದ್ದಿತ್ತು. ಕೋನದ ಲೆಕ್ಕದಲ್ಲಿ ಅದು ಸುಮಾರು 4 ಡಿಗ್ರಿ.

ಇದು ಯಾಕೆ ಮುಖ್ಯ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಬರೀ ದೂರದ ಪವರ್ ಇರುವ ಲೆನ್ಸನ್ನು ಗಡಿಯಾರದ ಮುಳ್ಳಿನ ಹಾಗೆ ತಿರುಗಿಸಿದರೂ ಅದರ ಕೆಲಸ ಬದಲಾಗುವುದಿಲ್ಲ. ಸಿಲಿಂಡರ್ ಪವರ್ ಹಾಗಲ್ಲ, ಅದಕ್ಕೆ ಒಂದು ದಿಕ್ಕಿದೆ. ಚೀಟಿಯಲ್ಲಿ ಆಕ್ಸಿಸ್ ಅಂತ ಬರೆದಿರುತ್ತಾರಲ್ಲ, ಅದೇ. ಲೆನ್ಸ್ ಆ ದಿಕ್ಕಿನಿಂದ 4 ಡಿಗ್ರಿ ತಿರುಗಿದರೆ, 2 ಸಿಲಿಂಡರ್ ಇರುವವನಿಗೆ ಸುಮಾರು 0.28 ಪವರಿನಷ್ಟು ತಪ್ಪು ಕೂಡಿಕೊಳ್ಳುತ್ತದೆ. 1 ಸಿಲಿಂಡರ್ ಇರುವವನಿಗೆ ಅದರ ಅರ್ಧ. ಹಗಲಲ್ಲಿ ಕಣ್ಣಿನ ಪಾಪೆ ಚಿಕ್ಕದಾಗಿರುವುದರಿಂದ ಇದು ಗೊತ್ತೇ ಆಗುವುದಿಲ್ಲ. ಕತ್ತಲಲ್ಲಿ ಪಾಪೆ ಅಗಲವಾದಾಗ ಅದೇ ಸಣ್ಣ ತಪ್ಪು ದೊಡ್ಡದಾಗಿ ಹರಡುತ್ತದೆ, ಪ್ರತಿ ಲೈಟಿಗೂ ಒಂದು ಬಾಲ ಬರುತ್ತದೆ. ಅಂಗಡಿಯಲ್ಲಿ ಕೂತಾಗ ಎಲ್ಲಾ ಸರಿ, ರಸ್ತೆಯಲ್ಲಿ ಮಾತ್ರ ತೊಂದರೆ ಅನ್ನುವುದಕ್ಕೆ ಕಾರಣ ಇಷ್ಟೇ. ಅಂಗಡಿಯಲ್ಲಿ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ ನೋಡಿ.

ಅವನ ಫ್ರೇಮು ದಪ್ಪ ಪ್ಲಾಸ್ಟಿಕ್ಕಿನದು, ಕಿವಿಯ ಹಿಂದೆ ಜೋರಾಗಿ ಬಗ್ಗಿದ ಕಡ್ಡಿಗಳು. ಚೆನ್ನಾಗೇ ಕಾಣುತ್ತಿತ್ತು, ಆದರೆ ಹೆಲ್ಮೆಟ್ ಒಳಗೆ ಅಂಥ ಕಡ್ಡಿಗೆ ಜಾಗ ಇರುವುದಿಲ್ಲ. ಬೇಕಾಗಿರುವುದು ತೆಳುವಾದ, ಹೆಚ್ಚುಕಡಿಮೆ ನೇರ ಕಡ್ಡಿ. ಕಿವಿಗೂ ಸ್ಪಂಜಿಗೂ ನಡುವೆ ಅದು ಜಾರಿ ಹೋಗಬೇಕು. ಮೂಗಿನ ಮೇಲೆ ರಬ್ಬರ್ ಪ್ಯಾಡ್ ಇದ್ದರೆ ಕೆಳಗೆ ಜಾರುವುದಿಲ್ಲ. ಹೊಸ ಹೆಲ್ಮೆಟ್ ತಗೊಳ್ಳುವಾಗ ಕೆನ್ನೆಯ ಸ್ಪಂಜಿನಲ್ಲಿ ಕನ್ನಡಕದ ಕಡ್ಡಿಗೆ ಕಾಲುವೆ ಬಿಟ್ಟಿದ್ದಾರಾ ಅಂತ ಬೆರಳು ಹಾಕಿ ನೋಡಿ. ಸ್ಪಂಜನ್ನು ನೀವೇ ಕತ್ತರಿಸಿ ಜಾಗ ಮಾಡಲು ಹೋಗಬೇಡಿ, ಹೆಲ್ಮೆಟ್ಟಿನ ಹಿಡಿತ ಸಡಿಲವಾಗುತ್ತದೆ. ಮತ್ತೆ, ಮೊದಲು ಹೆಲ್ಮೆಟ್ ಹಾಕಿ, ಆಮೇಲೆ ಕನ್ನಡಕ ತೂರಿಸಿ. ಉಲ್ಟಾ ಮಾಡುವವರ ಫ್ರೇಮು ಆರು ತಿಂಗಳಲ್ಲಿ ಸೊಟ್ಟಗಾಗಿರುತ್ತದೆ, ಹೆಲ್ಮೆಟ್ ತೆಗೆದ ಮೇಲೂ ಸೊಟ್ಟಗೇ ಇರುತ್ತದೆ.

ಲೆನ್ಸು ಪ್ಲಾಸ್ಟಿಕ್ಕಿನದೇ ಇರಲಿ, ಪಾಲಿಕಾರ್ಬೊನೇಟ್ ಆದರೆ ಇನ್ನೂ ಒಳ್ಳೆಯದು. ಗಾಜಿನ ಲೆನ್ಸ್ ಹಾಕಿಕೊಂಡು ಬೈಕ್ ಹತ್ತುವವರು ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ದಯವಿಟ್ಟು ಬೇಡ, ಒಡೆದರೆ ಚೂರು ಹೋಗುವುದು ಕಣ್ಣಿನ ಕಡೆಗೇ.

ಫ್ರೇಮಿನ ವಿಷಯ ಮುಗಿಯಿತು. ವೈಸರ್ ಉಳಿದಿತ್ತು. ಅಂಗಡಿಯ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಗೋಡೆಯ ಹತ್ತಿರ ಇಟ್ಟು, "ಈಗ ವೈಸರ್ ಮುಚ್ಚಿ ಅದನ್ನು ನೋಡು" ಅಂದೆ. ಟಾರ್ಚಿನ ಸುತ್ತ ಜೇಡರ ಬಲೆಯ ಹಾಗೆ ಗೆರೆಗಳು. ವೈಸರ್ ಎತ್ತಿದರೆ ಬಲೆ ಮಾಯ. ಒಂದು ವರ್ಷದಿಂದ ಧೂಳು ಬಿದ್ದಾಗಲೆಲ್ಲ ಕೈಗವಸಿನಲ್ಲೇ ಉಜ್ಜಿದ್ದಾನೆ. ಧೂಳು ಅಂದರೆ ಮರಳಿನ ಪುಡಿ. ಒಣಗಿರುವಾಗ ಉಜ್ಜಿದರೆ ಅದು ಉಪ್ಪುಕಾಗದದ ಕೆಲಸ ಮಾಡುತ್ತದೆ. ಮೊದಲು ನೀರು ಬಿಟ್ಟು ಧೂಳನ್ನು ಇಳಿಸಿ, ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬೆರಳಲ್ಲೇ ತೊಳೆದು, ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಕನ್ನಡಕಕ್ಕೂ ಇದೇ ಸ್ನಾನ. ಪೆಟ್ರೋಲು, ಥಿನ್ನರು ಮುಟ್ಟಿಸಬೇಡಿ, ವೈಸರ್ ಬಿರುಕು ಬಿಡುತ್ತದೆ. ಗೀರು ಬಿದ್ದ ವೈಸರಿಗೆ ಟೂತ್‌ಪೇಸ್ಟ್ ವೈದ್ಯವೂ ಇಲ್ಲ. ಕೆಲವು ನೂರು ರೂಪಾಯಿ ಕೊಟ್ಟು ಬದಲಾಯಿಸಿ.

ಈ ಪರೀಕ್ಷೆಯನ್ನು ನೀವೇ ರಸ್ತೆಯಲ್ಲೂ ಮಾಡಬಹುದು. ಬೈಕನ್ನು ಪಕ್ಕಕ್ಕೆ ನಿಲ್ಲಿಸಿ ದೂರದ ಬೀದಿದೀಪ ನೋಡಿ. ವೈಸರ್ ಎತ್ತಿದಾಗ ಬೆಳಕಿನ ಬಾಲ ಹೋದರೆ ತಪ್ಪು ವೈಸರಿನದು. ಹೋಗದಿದ್ದರೆ ಕನ್ನಡಕವನ್ನು ಕೈಯಲ್ಲಿ ಸ್ವಲ್ಪ ಆಚೀಚೆ ತಿರುಗಿಸಿ. ಬಾಲ ಗಿಡ್ಡ ಉದ್ದ ಆದರೆ ಕನ್ನಡಕ ಕೂತಿರುವುದು ಸರಿಯಿಲ್ಲ, ಇಲ್ಲವೇ ಪವರ್ ಬದಲಾಗಿದೆ. ಎರಡಕ್ಕೂ ಜಗ್ಗದಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಐವತ್ತು ದಾಟಿದವರಲ್ಲಿ ಅದು ಪೊರೆಯ ಶುರುವೂ ಇರಬಹುದು.

ಹುಡುಗನಿಗೆ ವೈಸರ್ ಬಣ್ಣದ ಆಸೆಯೂ ಇತ್ತು, ಕಪ್ಪು ಹಾಕಿಸಲಾ ಅಂದ. ಮಧ್ಯಾಹ್ನ ಹಾಸನದವರೆಗೆ ಹೋಗಿಬರುವವನಿಗೆ ಸರಿ, ಸಂಜೆ ಏಳಕ್ಕೆ ಹೊರಡುವವನಿಗೆ ಅಲ್ಲ. ಹೊಸ ಬಿಳಿ ವೈಸರ್ ನೂರಕ್ಕೆ ಸುಮಾರು 90 ಪಾಲು ಬೆಳಕು ಬಿಡುತ್ತದೆ. ಗಾಢ ಕಪ್ಪಿನವು 30ರ ಆಸುಪಾಸು. ಬಿಸಿಲಿಗೆ ಕಪ್ಪಾಗುವ ಲೆನ್ಸ್ ಹಾಕಿಸಿಕೊಂಡು, "ಬೈಕಲ್ಲಿ ಕಪ್ಪೇ ಆಗಲ್ಲ" ಅಂತ ಜಗಳಕ್ಕೆ ಬರುವವರೂ ಇದ್ದಾರೆ. ಆ ಲೆನ್ಸು ಕಪ್ಪಾಗುವುದು ಯುವಿ ಕಿರಣದಿಂದ, ಪಾಲಿಕಾರ್ಬೊನೇಟ್ ವೈಸರ್ ಅದನ್ನೇ ತಡೆದುಬಿಡುತ್ತದೆ. ಬಿಳಿ ವೈಸರ್, ಒಳಗೆ ಆ್ಯಂಟಿ-ಗ್ಲೇರ್ ಇರುವ ಬಿಳಿ ಲೆನ್ಸ್, ರಾತ್ರಿಗೆ ಇದೇ ಜೋಡಿ. ಕೋಟಿಂಗ್ ಇಲ್ಲದ ಲೆನ್ಸಿನ ಎರಡು ಮೈಯಿಂದ ಸುಮಾರು 8 ಪಾಲು ಬೆಳಕು ಪ್ರತಿಫಲಿಸಿ, ಒಂದು ಲೈಟಿಗೆ ಎರಡು ಮೂರು ನೆರಳು ಲೈಟು ಹುಟ್ಟಿಸುತ್ತದೆ. ಕೋಟಿಂಗ್ ಇದ್ದರೆ ಅದು 1-2 ಪಾಲಿಗೆ ಇಳಿಯುತ್ತದೆ. ಆದರೆ ಆ ಕನ್ನಡಕವನ್ನು ಬೇಸಿಗೆಯಲ್ಲಿ ಸ್ಕೂಟರ್ ಸೀಟಿನಡಿಯ ಡಿಕ್ಕಿಯಲ್ಲಿ ಇಡಬೇಡಿ. ಕಾವಿಗೆ ಕೋಟಿಂಗ್ ಸೀಳುತ್ತದೆ.

ಇನ್ನು ಮಳೆ. ನನ್ನ ಲೆಕ್ಕ ಸರಳ: ವೈಸರಿನ ಹೊರಮೈ ಎಷ್ಟು ಬೇಕಾದರೂ ಒದ್ದೆಯಾಗಲಿ, ಕನ್ನಡಕ ಮಾತ್ರ ಒಣಗಿರಬೇಕು. ವೈಸರ್ ಮೇಲಿನ ಹನಿಯನ್ನು ಗಾಳಿ ಓಡಿಸುತ್ತದೆ, ಓಡದಿದ್ದರೆ ಬೆರಳಲ್ಲಿ ಒರೆಸಬಹುದು. ಕಣ್ಣಿನಿಂದ ಒಂದೂವರೆ ಸೆಂಟಿಮೀಟರ್ ದೂರದ ಲೆನ್ಸಿಗೆ ಹನಿ ಬಿದ್ದರೆ ಗಾಳಿಯೂ ಇಲ್ಲ, ಬೆರಳೂ ಹೋಗುವುದಿಲ್ಲ. ಆದರೆ ಪೂರ್ತಿ ಮುಚ್ಚಿದರೆ ಉಸಿರಿನ ಹಬೆ. ಎಲ್ಲರೂ ಅದಕ್ಕೇ ವೈಸರ್ ಎತ್ತುವುದು, ಎತ್ತಿದ ತಕ್ಷಣ ಲೆನ್ಸಿಗೆ ಹನಿ. ವೈಸರನ್ನು ಮೊದಲ ಕಚ್ಚಿನಷ್ಟು, ಒಂದು ಬೆರಳಿಗಿಂತ ಕಡಿಮೆ ತೆರೆದು, ಮೂಗಿನ ಮೇಲೆ ಉಸಿರು ತಡೆಯುವ ರಬ್ಬರ್ ಕವಚ ಹಾಕಿಸಿದರೆ ಬಹಳಷ್ಟು ಹಬೆ ಹೋಗುತ್ತದೆ. ವೈಸರಿನ ಒಳಗೆ ಅಂಟಿಕೊಳ್ಳುವ ಪಿನ್‌ಲಾಕ್ ಹಾಳೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಎರಡು ಪದರದ ನಡುವೆ ಗಾಳಿ ನಿಂತು ಒಳಮೈ ತಣ್ಣಗಾಗುವುದಿಲ್ಲ. ಆದರೆ ಅದಕ್ಕೆ ಹಾಳೆ ಸಿಕ್ಕಿಸುವ ಪಿನ್ ಇರುವ ವೈಸರೇ ಬೇಕು. ಮತ್ತೆ, ಅದು ಉಳಿಸುವುದು ವೈಸರನ್ನು ಮಾತ್ರ, ಕನ್ನಡಕಕ್ಕೆ ಹಬೆ ಕೂರುವುದನ್ನು ತಡೆಯಲ್ಲ.

ವೈಸರ್ ತೆರೆದುಕೊಂಡು ಓಡಿಸುವವರಿಗೆ ಇನ್ನೊಂದು ಮಾತು. ಕನ್ನಡಕ ಗಾಳಿಯನ್ನು ತಡೆಯುತ್ತದೆ ಅಂದುಕೊಳ್ಳುತ್ತಾರೆ, ಆದರೆ ಗಾಳಿ ಲೆನ್ಸಿನ ಬದಿಯಿಂದ ತಿರುಗಿ ಒಳಗೇ ಬರುತ್ತದೆ. ಕಾಫಿ ಕೊಯ್ಲಿನ ಕಾಲದಲ್ಲಿ ಮಣ್ಣುರಸ್ತೆಯ ಧೂಳೂ ಹಾಗೇ ಹೊಕ್ಕುತ್ತದೆ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ನೀರು ಹಾಕಿ.

ಹುಡುಗ ಎರಡು ವಾರ ಬಿಟ್ಟು ಬಂದ. ತೆಳು ಕಡ್ಡಿಯ ಫ್ರೇಮು, ಹೊಸ ವೈಸರು. "ಬಾಲ ಹೋಯ್ತು ಸಾರ್. ಜೀಪಿನವನು ಹೈ ಬೀಮ್ ಹಾಕಿದ್ರೆ ಈಗಲೂ ಕಣ್ಣು ಕುಕ್ಕುತ್ತೆ." ಅದಕ್ಕೆ ನನ್ನ ಅಂಗಡಿಯಲ್ಲಿ ಔಷಧ ಇಲ್ಲ. ಲೈಟನ್ನು ನೋಡದೆ ನಿಮ್ಮ ಕಡೆಯ ಅಂಚಿನ ಬಿಳಿ ಗೆರೆ ಹಿಡಿದು ನಿಧಾನ ಹೋಗಬೇಕು, ಅಷ್ಟೆ. ಚಾರ್ಮಾಡಿ ಕಡೆ ಹೋಗುವಾಗ ಮಂಜು ಪೂರ್ತಿ ಇಳಿದುಬಿಟ್ಟರೆ ಅದೂ ಕಾಣುವುದಿಲ್ಲ. ಆಗ ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ, ನೀರುದೋಸೆ ತಿಂದು, ಕನ್ನಡಕ ಒರೆಸಿಕೊಂಡು ಕಾಯಿರಿ.